ಮಾತು ಮೆತ್ತಗೆ, ತಾರೀಖು ಗಟ್ಟಿ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಿಂದ ಜಪಾನಿನ ನಗೋಯಾ ನಗರಕ್ಕೆ ಇಂಥದೊಂದು ಇಮೇಲ್ ಹೋಯಿತು ಎಂದು ಕಲ್ಪಿಸಿಕೊಳ್ಳಬಹುದು. ತಿಂಗಳ 7ನೇ ತಾರೀಖು, ಬುಧವಾರ, ಸಂಜೆ ನಾಲ್ಕೂವರೆ.

“ಟೆಸ್ಟ್ ಡೇಟಾ ಇನ್ನೂ ಬಂದಿಲ್ಲ. 5ಕ್ಕೇ ಕಳಿಸಬೇಕಿತ್ತು. ನೀವು ತಡ ಮಾಡಿದ್ದರಿಂದ ನಮ್ಮ ಕೆಲಸ ನಿಂತಿದೆ. ಇವತ್ತೇ ಕಳಿಸಿ. ಆಗುತ್ತದೋ ಇಲ್ಲವೋ ಈಗಲೇ ತಿಳಿಸಿ.”

ಸಿಸಿಯಲ್ಲಿ ಎರಡೂ ಕಡೆಯ ಮ್ಯಾನೇಜರುಗಳಿದ್ದಾರೆ.

ಬರೆದ ಟೀಮ್ ಲೀಡ್ ಒರಟು ಮನುಷ್ಯರಲ್ಲ. ಹಲವು ವರ್ಷ ಅಮೆರಿಕದ ಗ್ರಾಹಕರ ಜೊತೆ ಕೆಲಸ ಮಾಡಿದವರು. ಅಲ್ಲಿ ಇಂಥ ಮೇಲ್ ದಿನಕ್ಕೆ ಹತ್ತು ಬರುತ್ತವೆ, ಹೋಗುತ್ತವೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೇಲಿನ ಐದು ವಾಕ್ಯಗಳಲ್ಲಿ ಒಂದೂ ಸುಳ್ಳಿಲ್ಲ. ಆದರೆ ನಗೋಯಾದಿಂದ ಮರುದಿನ ಬಂದ ಉತ್ತರದಲ್ಲಿ ಒಂದು ಕ್ಷಮಾಪಣೆ ಇತ್ತು, “ಪರಿಶೀಲಿಸುತ್ತಿದ್ದೇವೆ” ಎಂಬ ಮಾತಿತ್ತು, ತಾರೀಖು ಮಾತ್ರ ಇರಲಿಲ್ಲ. ಡೇಟಾ ಕೈಸೇರಿದ್ದು 13ಕ್ಕೆ. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಕಾಣಿಸಿತು. ಅಲ್ಲಿಯವರೆಗೆ ಸಣ್ಣಪುಟ್ಟ ಅನುಮಾನಗಳಿಗೆಲ್ಲ ಚಾಟ್‌ನಲ್ಲೇ ಉತ್ತರ ಕೊಡುತ್ತಿದ್ದ ನಗೋಯಾದ ಎಂಜಿನಿಯರ್ ಅಂದಿನಿಂದ ಪ್ರತಿಯೊಂದನ್ನೂ ತಮ್ಮ ಮ್ಯಾನೇಜರ್ ಮೂಲಕವೇ ಕಳಿಸತೊಡಗಿದರು.

ಬೆಂಗಳೂರು ಮತ್ತು ಜಪಾನ್ ನಡುವೆ ಕೆಲಸ ಮಾಡುವವರು ಈ ಕಥೆಯನ್ನು ಬೇರೆ ಬೇರೆ ರೂಪದಲ್ಲಿ ಕಂಡಿರುತ್ತಾರೆ. ಇಂಥ ಎಡವಟ್ಟು ತಪ್ಪಿಸಲು ಸಾಮಾನ್ಯವಾಗಿ ಕೊಡುವ ಸಲಹೆ “ಸ್ವಲ್ಪ ನಯವಾಗಿ ಬರೆಯಿರಿ” ಎಂಬುದು. ಅದು ಅರ್ಧ ಸಲಹೆ. ಎಷ್ಟೋ ಸಲ ಅದರಿಂದ ಇದ್ದ ಸ್ಪಷ್ಟತೆಯೂ ಹೋಗುತ್ತದೆ. ಯಾವುದನ್ನು ಮೆತ್ತಗೆ ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಬಿಡಿಸಿ ನೋಡಿದರೆ ಮಾತ್ರ ಕೆಲಸಕ್ಕೆ ಬರುವ ಸಂದೇಶ ಹುಟ್ಟುತ್ತದೆ.

ಮೊದಲು ಆ ಮೇಲ್ ನಗೋಯಾದಲ್ಲಿ ಹೇಗೆ ಓದಿಸಿಕೊಂಡಿತು ಎಂಬುದನ್ನು ನೋಡಬೇಕು. ಜಪಾನಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಇಲ್ಲಿ ಸಂಜೆ ನಾಲ್ಕೂವರೆ ಎಂದರೆ ಅಲ್ಲಿ ರಾತ್ರಿ ಎಂಟು. “ಇವತ್ತೇ” ಎಂಬುದಕ್ಕೆ ಅಲ್ಲಿ ಅರ್ಥವೇ ಉಳಿದಿಲ್ಲ. ಎರಡನೆಯದಾಗಿ, ಗ್ರಾಹಕರ ದತ್ತಾಂಶವನ್ನು ದೇಶದ ಹೊರಗೆ ಕಳಿಸುವ ನಿರ್ಧಾರ ಅಲ್ಲಿಯ ಒಬ್ಬ ಎಂಜಿನಿಯರ್ ಕೈಯಲ್ಲಿ ಇರುವುದಿಲ್ಲ. ವಿಭಾಗದ ಮುಖ್ಯಸ್ಥರು, ಮಾಹಿತಿ ಭದ್ರತೆಯವರು, ಕೆಲವೊಮ್ಮೆ ಗ್ರಾಹಕ ಕಂಪನಿಯವರು ಒಪ್ಪಬೇಕು. ಹಾಗಿರುವಾಗ “ಆಗುತ್ತದೋ ಇಲ್ಲವೋ ಈಗಲೇ ತಿಳಿಸಿ” ಎಂದರೆ ಆತ ಏನು ಹೇಳಲು ಸಾಧ್ಯ? ಆಗುತ್ತದೆ ಎನ್ನಲು ಅಧಿಕಾರವಿಲ್ಲ. ಆಗುವುದಿಲ್ಲ ಎಂದರೆ ತನ್ನ ಸಂಸ್ಥೆಯ ಒಳಗಿನ ತಡವನ್ನು ಹೊರಗಿನವರ ಮುಂದೆ ಬಿಚ್ಚಿಟ್ಟಂತೆ. ಉಳಿದದ್ದು “ಪರಿಶೀಲಿಸುತ್ತಿದ್ದೇವೆ” ಒಂದೇ.

ಮೂರನೆಯದು ಸಿಸಿ. ಬೆಂಗಳೂರಿನಲ್ಲಿ ಮ್ಯಾನೇಜರನ್ನು ಸಿಸಿಯಲ್ಲಿ ಇಡುವುದು ಎಷ್ಟೋ ಸಲ ಬರೀ ಅಭ್ಯಾಸ. ಆದರೆ “ನೀವು ತಡ ಮಾಡಿದ್ದರಿಂದ” ಎಂಬ ವಾಕ್ಯವಿರುವ ಮೇಲ್‌ನಲ್ಲಿ ಮೇಲಧಿಕಾರಿಯ ಹೆಸರು ಕಂಡಾಗ ನಗೋಯಾದ ಎಂಜಿನಿಯರಿಗೆ ಅದು ಎಲ್ಲರ ಮುಂದೆ ನಿಲ್ಲಿಸಿ ಗದರಿದಂತೆ ಆಯಿತು. ಇಡೀ ಮೇಲ್‌ನಲ್ಲಿ ಪದಗಳಿಗಿಂತ ಹೆಚ್ಚು ಹಾನಿ ಮಾಡಿದ್ದು ಈ ಸಿಸಿ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮೇಲ್ ತಿದ್ದಲು ಕೂತವರು ಪದಗಳನ್ನು ತಿದ್ದುತ್ತಾರೆ, ಮೇಲಿನ ಆ ಒಂದು ಸಾಲನ್ನು ಯಾರೂ ನೋಡುವುದಿಲ್ಲ.

ಮುಖ ಕಾಣದ ಕಡೆ ಇದೆಲ್ಲ ಇನ್ನಷ್ಟು ಹದಗೆಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿತು. ವ್ಯಂಗ್ಯದ ಮತ್ತು ಗಂಭೀರವಾದ ವಾಕ್ಯಗಳನ್ನು ಇಮೇಲ್‌ನಲ್ಲಿ ಕಳಿಸಿದವರು, ತಮ್ಮ ಧಾಟಿ ಓದುವವರಿಗೆ ಮುಕ್ಕಾಲಕ್ಕಿಂತ ಹೆಚ್ಚು ಸಲ ಸರಿಯಾಗಿ ತಿಳಿಯುತ್ತದೆಂದು ನಂಬಿದ್ದರು. ನಿಜವಾಗಿ ತಿಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು ಸಲ, ಹೆಚ್ಚುಕಡಿಮೆ ನಾಣ್ಯ ಚಿಮ್ಮಿ ಊಹಿಸಿದಷ್ಟೇ. ಅದೂ ಒಂದೇ ದೇಶದ, ಒಂದೇ ಭಾಷೆಯ ವಿದ್ಯಾರ್ಥಿಗಳ ನಡುವೆ. ಎರಡೂ ಕಡೆಯವರಿಗೆ ಇಂಗ್ಲಿಷ್ ಎರಡನೇ ಭಾಷೆಯಾದಾಗ ಬರೆದವರ ಮನಸ್ಸಿನ ಧಾಟಿ ಎಷ್ಟು ದಾಟೀತು?

ಈ ವ್ಯತ್ಯಾಸಕ್ಕೆ ಹೆಸರು ಕೊಟ್ಟವರು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್. 1950ರ ದಶಕದಲ್ಲಿ ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುತ್ತಿದ್ದ ಅವರು, 1976ರ ‘ಬಿಯಾಂಡ್ ಕಲ್ಚರ್’ ಪುಸ್ತಕದಲ್ಲಿ ಸಂಸ್ಕೃತಿಗಳನ್ನು ಸಂದರ್ಭದ ಭಾರಕ್ಕೆ ತಕ್ಕಂತೆ ನೋಡಿದರು. ಕೆಲವು ಕಡೆ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕವನ್ನು ಅವರು ಆ ಕಡೆಗೆ ಇಟ್ಟರು. ಇನ್ನು ಕೆಲವು ಕಡೆ ಆಡದೆ ಬಿಟ್ಟದ್ದರಲ್ಲಿ, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರಲ್ಲಿ ಅರ್ಥದ ದೊಡ್ಡ ಪಾಲು ಇರುತ್ತದೆ. ಜಪಾನ್ ಅದಕ್ಕೆ ಅವರ ಮೆಚ್ಚಿನ ಉದಾಹರಣೆ.

ಇದು ರಕ್ತಗುಣವಲ್ಲ. ಜಪಾನಿನ ದೊಡ್ಡ ಕಂಪನಿಗಳಲ್ಲಿ ಕಾಲೇಜು ಮುಗಿಸಿ ಒಂದೇ ವರ್ಷ ಸೇರಿದವರು ಹಲವು ದಶಕ ಜೊತೆಯಲ್ಲೇ ಕೆಲಸ ಮಾಡುವುದು ಬಹುಕಾಲ ಸಾಮಾನ್ಯವಾಗಿತ್ತು. ಕೆಲವು ವರ್ಷಕ್ಕೊಮ್ಮೆ ವಿಭಾಗ ಬದಲಾಗುವುದರಿಂದ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತು. ಅಷ್ಟು ಕಾಲ ಒಟ್ಟಿಗೆ ಇದ್ದವರಿಗೆ ಅರ್ಧ ವಾಕ್ಯ ಸಾಕು. ಕನ್ನಡಿಗರಿಗೂ ಇದು ಹೊಸತೇನಲ್ಲ. ಮದುವೆಗೆ ಕರೆದಾಗ “ನೋಡೋಣ, ಬರೋಕೆ ಪ್ರಯತ್ನ ಮಾಡ್ತೀನಿ” ಎಂದ ನೆಂಟರಿಗೆ ಯಾರೂ ಎಲೆ ಲೆಕ್ಕ ಹಾಕುವುದಿಲ್ಲ. ಮನೆಯಲ್ಲಿ ಇಷ್ಟು ಸೂಕ್ಷ್ಮವಾಗಿ ಮಾತಾಡುವ ಅದೇ ಮನುಷ್ಯ ಕಚೇರಿಯ ಇಂಗ್ಲಿಷಿಗೆ ಬಂದ ಕೂಡಲೇ ಬೇರೆಯಾಗುತ್ತಾನೆ, ಏಕೆಂದರೆ ಆ ಇಂಗ್ಲಿಷನ್ನು ಆತ ಕಲಿತದ್ದು ಅಮೆರಿಕದ ಗ್ರಾಹಕರ ಮೇಲ್‌ಗಳಿಂದ.

ಇಲ್ಲೊಂದು ಆಕರ್ಷಕವಾದ ತಪ್ಪುದಾರಿ ತೆರೆದುಕೊಳ್ಳುತ್ತದೆ. ಕನ್ನಡಿಗರೂ ಸುತ್ತಿ ಬಳಸಿ ಹೇಳುವವರು, ಜಪಾನಿಗರೂ ಹಾಗೆಯೇ ಎಂದಮೇಲೆ ಮನೆಯ ರೀತಿಯಲ್ಲೇ ಸೂಚ್ಯವಾಗಿ ಬರೆದರೆ ಆಯಿತಲ್ಲ? ಆಗುವುದಿಲ್ಲ. ಫ್ರಾನ್ಸಿನ ಇನ್ಸಿಯಾಡ್ ಸಂಸ್ಥೆಯಲ್ಲಿ ಪಾಠ ಮಾಡುವ ಎರಿನ್ ಮೇಯರ್ 2014ರ ‘ದ ಕಲ್ಚರ್ ಮ್ಯಾಪ್’ ಪುಸ್ತಕದಲ್ಲಿ ಹೇಳುವ ಮುಖ್ಯ ಮಾತೊಂದಿದೆ. ನೇರ ಮಾತಿನವರು ಮತ್ತು ಸೂಚ್ಯ ಮಾತಿನವರು ಎದುರಾದಾಗಿನ ಗೊಂದಲಕ್ಕಿಂತ, ಬೇರೆ ಬೇರೆ ಬೇರಿನ ಇಬ್ಬರು ಸೂಚ್ಯ ಮಾತಿನವರು ಎದುರಾದಾಗಿನ ಗೊಂದಲ ಹೆಚ್ಚು. ಇಬ್ಬರೂ ಸಾಲುಗಳ ನಡುವೆ ಬರೆಯುತ್ತಾರೆ, ಇಬ್ಬರೂ ಸಾಲುಗಳ ನಡುವೆ ಓದುತ್ತಾರೆ. ಆದರೆ ಆ ನಡುವಿನ ಜಾಗದಲ್ಲಿ ಇಬ್ಬರಿಗೂ ಕಾಣುವುದು ಬೇರೆ ಬೇರೆ. ಬೆಂಗಳೂರಿನ ಎಂಜಿನಿಯರ್ “ತೊಂದರೆ ಇಲ್ಲ, ಮಾಡ್ತೀವಿ” ಎಂದಾಗ ಅದರಲ್ಲಿ ಉತ್ಸಾಹವಿದೆ, ಒಂದಿಷ್ಟು ಆಸೆಯಿದೆ. ನಗೋಯಾದವರು ಅದನ್ನು ಕೊಟ್ಟ ಮಾತು ಎಂದು ಬರೆದುಕೊಳ್ಳುತ್ತಾರೆ. ಭಾರತದ ತಂಡಗಳ ಬಗ್ಗೆ ಜಪಾನಿ ಗ್ರಾಹಕರು ಹೇಳುವ ದೂರುಗಳಲ್ಲಿ ಈ “ತೊಂದರೆ ಇಲ್ಲ” ಮುಂಚೂಣಿಯಲ್ಲಿದೆ.

ಜಪಾನಿನ ಕಚೇರಿಗಳಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವ ಪಾಠ ‘ಹೋರೆನ್ಸೋ’. ವರದಿ ಮಾಡು, ಮಾಹಿತಿ ಮುಟ್ಟಿಸು, ಸಲಹೆ ಕೇಳು ಎಂಬ ಮೂರು ಕೆಲಸಗಳ ಕೂಡುಪದ ಅದು. ಕೆಟ್ಟ ಸುದ್ದಿಯನ್ನು ಬೇಗ ಹೇಳುವುದು ಅದರ ಮುಖ್ಯ ಭಾಗ. ಜಪಾನಿನ ತಾಂತ್ರಿಕ ದಾಖಲೆಗಳನ್ನು, ದೋಷ ವರದಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ತಾರೀಖು, ಸಂಖ್ಯೆ, ಸ್ಕ್ರೀನ್‌ಶಾಟ್ ಯಾವುದೂ ಬಿಟ್ಟುಹೋಗಿರುವುದಿಲ್ಲ. ಹಾಗಾದರೆ ಅವರಿಗೆ ಒಲ್ಲದ್ದು ವಿವರವಲ್ಲ. ಒಬ್ಬ ವ್ಯಕ್ತಿಯತ್ತ ಬೆರಳು ಮಾಡುವುದು, ಎಲ್ಲರ ಮುಂದೆ ನಿರಾಕರಿಸುವುದು, ನಿರಾಕರಿಸುವಂತೆ ಇನ್ನೊಬ್ಬರನ್ನು ಒತ್ತಾಯಿಸುವುದು, ಇವು ಅವರಿಗೆ ನುಂಗಲಾರದ ತುತ್ತು. ಅಂದಮೇಲೆ ಸಂದೇಶ ತಿದ್ದುವವರ ಕೆಲಸ ಸರಳವಾಗುತ್ತದೆ. ಮನುಷ್ಯರ ನಡುವಿನ ಭಾಗವನ್ನು ಮೆತ್ತಗೆ ಮಾಡಬೇಕು. ಲೆಕ್ಕದ ಭಾಗವನ್ನು ಮೊದಲಿಗಿಂತ ಗಟ್ಟಿ ಮಾಡಬೇಕು.

ಅದೇ ಬುಧವಾರದ ಮೇಲನ್ನು ಹೀಗೆ ಬರೆಯಬಹುದಿತ್ತು. ಕಳಿಸುವುದು ಸಂಜೆಯಲ್ಲ, ಬೆಳಿಗ್ಗೆ. ಸಿಸಿಯಲ್ಲಿ ಯಾರೂ ಇಲ್ಲ. ವಿಷಯದ ಸಾಲಿನಲ್ಲಿ “ಟೆಸ್ಟ್ ಡೇಟಾ ಮತ್ತು 20ರ ಡೆಲಿವರಿ ಬಗ್ಗೆ ಸಮಾಲೋಚನೆ”.

“ನಮಸ್ಕಾರ. ಕಳೆದ ವಾರ ಲಾಗಿನ್ ಪರದೆಯ ಬಗ್ಗೆ ನೀವು ಕಳಿಸಿದ ವಿವರಣೆಯಿಂದ ನಮ್ಮ ಕೆಲಸ ತುಂಬಾ ಸುಲಭವಾಯಿತು, ಧನ್ಯವಾದ.

“20ರ ಡೆಲಿವರಿ ಬಗ್ಗೆ ನಿಮ್ಮ ಸಲಹೆ ಬೇಕಿತ್ತು. ನಮ್ಮ ಕಡೆ ಕೋಡಿಂಗ್ ಮುಗಿದಿದೆ. 5ಕ್ಕೆ ಗೊತ್ತುಮಾಡಿದ್ದ ಟೆಸ್ಟ್ ಡೇಟಾ ನಮಗೆ ಇನ್ನೂ ತಲುಪಿಲ್ಲ. ಟೆಸ್ಟಿಂಗ್‌ಗೆ ಆರು ಕೆಲಸದ ದಿನ ಬೇಕು. ಡೇಟಾ 9, ಶುಕ್ರವಾರ ಸಂಜೆಯೊಳಗೆ ಸಿಕ್ಕರೆ 12ಕ್ಕೆ ಆರಂಭಿಸಿ 20ಕ್ಕೆ ಒಪ್ಪಿಸುತ್ತೇವೆ. 13ಕ್ಕೆ ಸಿಕ್ಕರೆ ಡೆಲಿವರಿ 22 ಆಗುತ್ತದೆ.

“ಡೇಟಾ ಹೊರಗೆ ಕಳಿಸಲು ಒಳಗಿನ ಒಪ್ಪಿಗೆಗಳಿಗೆ ಸಮಯ ಬೇಕಾಗಬಹುದು ಎಂದು ಊಹಿಸಿದ್ದೇವೆ. ನಮಗೆ ಮೂರು ದಾರಿ ಹೊಳೆಯುತ್ತಿವೆ. ಮೊದಲನೆಯದು, ಪೂರ್ತಿ ಡೇಟಾ ಬದಲು ಸದ್ಯಕ್ಕೆ 200 ದಾಖಲೆ ಮಾತ್ರ ಕಳಿಸುವುದು. ಎರಡನೆಯದು, ನಾವೇ ಕೃತಕ ಡೇಟಾ ತಯಾರಿಸಿ, ಅದರ ನಮೂನೆ ಸರಿಯಿದೆಯೇ ಎಂದು ನೀವು ನೋಡುವುದು. ಮೂರನೆಯದು, ಡೆಲಿವರಿಯನ್ನು 22ಕ್ಕೆ ಇಡುವುದು. ಹಾಗಾದರೆ ನಿಮ್ಮ ಕಡೆಯವರಿಗೆ ತೋರಿಸಲು ಬೇಕಾದ ವಿವರಣೆಯನ್ನು ನಾವು ಬರೆದು ಕೊಡುತ್ತೇವೆ.

“ಇವುಗಳಲ್ಲಿ ಯಾವುದು ನಿಮ್ಮ ಕಡೆ ಹೆಚ್ಚು ಅನುಕೂಲ? 8, ಗುರುವಾರ, ನಿಮ್ಮ ಸಮಯ ಮಧ್ಯಾಹ್ನ 3ರ ಹೊತ್ತಿಗೆ ತಿಳಿಸಿದರೆ ಅದರಂತೆ ಯೋಜನೆ ಸರಿಪಡಿಸುತ್ತೇವೆ. ಅಷ್ಟರೊಳಗೆ ನಿರ್ಧಾರ ಆಗುವಂತಿಲ್ಲದಿದ್ದರೆ, ಯಾವಾಗ ಗೊತ್ತಾಗಬಹುದು ಎಂಬುದಷ್ಟೇ ತಿಳಿಸಿದರೂ ಸಾಕು.”

ಮೇಲ್ ಉದ್ದವಾಯಿತು. ಆದರೆ ಉದ್ದವಾದದ್ದು ಬರೀ ಉಪಚಾರದಿಂದಲ್ಲ. ಧನ್ಯವಾದದ ಒಂದು ಸಾಲು ಬಿಟ್ಟರೆ ಮಿಕ್ಕದ್ದೆಲ್ಲ ಹೊಸ ಮಾಹಿತಿ. ಮೊದಲ ಮೇಲ್‌ನಲ್ಲಿ 5 ಎಂಬ ಒಂದೇ ತಾರೀಖಿತ್ತು, ಅದೂ ಆರೋಪವಾಗಿ. ಇಲ್ಲಿ ಆರು ದಿನ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕವಿದೆ. “ನೀವು ಕಳಿಸಿಲ್ಲ” ಹೋಗಿ “ನಮಗೆ ತಲುಪಿಲ್ಲ” ಬಂದಿದೆ. ಸಂಗತಿ ಅದೇ, ವಾಕ್ಯದ ಕರ್ತೃ ಮಾತ್ರ ಬದಲು. ಕನ್ನಡಿಗರು ಮನೆಯಲ್ಲಿ “ಲೋಟ ಒಡೀತು” ಎನ್ನುವುದೂ ಇದೇ ಕೌಶಲದಿಂದ.

ಆದರೆ ಈ ಮೇಲ್‌ನ ನಿಜವಾದ ಬಲ ಮೂರು ದಾರಿಗಳಲ್ಲಿದೆ. ಹೌದು ಅಥವಾ ಇಲ್ಲ ಎನ್ನಬೇಕಾದಲ್ಲಿ ಸಿಕ್ಕಿಬೀಳುವ ಮನುಷ್ಯನಿಗೆ ಆಯ್ದುಕೊಳ್ಳಲು ಮೂರು ಕೊಟ್ಟರೆ, ಒಂದನ್ನು ಆಯ್ದುಕೊಂಡು ಉಳಿದೆರಡಕ್ಕೆ ಇಲ್ಲ ಎಂದು ಬಾಯಿಬಿಟ್ಟು ಹೇಳದೆಯೇ ಹೇಳಬಹುದು. ಜೊತೆಗೆ, ಆ ಎಂಜಿನಿಯರ್ ಈ ಮೇಲನ್ನು ಹಾಗೆಯೇ ಜಪಾನಿಗೆ ಅನುವಾದಿಸಿ ತನ್ನ ಮುಖ್ಯಸ್ಥರ ಮುಂದೆ ಇಡಬಹುದು. ಅದರಲ್ಲಿ ಆತನ ಮಾನ ಕಳೆಯುವ ಒಂದು ಸಾಲೂ ಇಲ್ಲ, ಒಳಗಿನ ಒಪ್ಪಿಗೆಗಳನ್ನು ಬೇಗ ಪಡೆಯಲು ಬೇಕಾದ ಲೆಕ್ಕವೆಲ್ಲ ಇದೆ. ಸಂದೇಶ ಓದುವವನೊಬ್ಬನೇ ಅಲ್ಲ, ಅವನ ಹಿಂದೆ ನಾಲ್ಕು ಜನರಿದ್ದಾರೆ ಎಂಬ ಎಚ್ಚರದಿಂದ ಬರೆದ ಮೇಲ್ ಇದು.

ಕೊನೆಯ ವಾಕ್ಯವೂ ಗಮನಿಸಬೇಕಾದದ್ದು. ಉತ್ತರ ಗೊತ್ತಿಲ್ಲದಿದ್ದರೆ, ಉತ್ತರ ಯಾವಾಗ ಗೊತ್ತಾಗುತ್ತದೆ ಎಂದು ಕೇಳುವುದು. ನಿರ್ಧಾರ ಕೈಯಲ್ಲಿಲ್ಲದವರೂ ಇದಕ್ಕೆ ಉತ್ತರಿಸಬಲ್ಲರು.

ಇನ್ನು ಉತ್ತರವನ್ನು ಓದುವ ಕೆಲಸ. “ಮೊದಲನೇ ದಾರಿ ಅನುಕೂಲ, ಶುಕ್ರವಾರ ಮಧ್ಯಾಹ್ನ ಕಳಿಸುತ್ತೇವೆ” ಎಂದು ಬಂದರೆ ಯೋಚಿಸುವುದಕ್ಕೆ ಏನೂ ಇಲ್ಲ. “ಎರಡನೆಯದು ಸ್ವಲ್ಪ ಕಷ್ಟವಾಗಬಹುದು” ಎಂದು ಬಂದರೆ ಅದು ಆಗುವುದಿಲ್ಲ ಎಂದೇ ಲೆಕ್ಕ. ಕಷ್ಟ ಎಂದರಲ್ಲ, ಹಾಗಾದರೆ ಪ್ರಯತ್ನಿಸುತ್ತಾರೆ ಎಂದು ಕಾಯುತ್ತ ಕೂತವರು ಅನೇಕರಿದ್ದಾರೆ. ಇನ್ನೂ ಸೂಕ್ಷ್ಮವಾದದ್ದು, ಮೂರರಲ್ಲಿ ಎರಡಕ್ಕೆ ಉತ್ತರ ಬಂದು ಒಂದರ ಬಗ್ಗೆ ಮಾತೇ ಇಲ್ಲದಿರುವುದು. ಅದು ಮರೆವು ಆಗಿರಬಹುದು, ನಿರಾಕರಣೆಯೂ ಆಗಿರಬಹುದು. “ಪರಿಶೀಲಿಸುತ್ತೇವೆ” ಎಂಬುದರ ತೂಕ ತಿಳಿಯಲು ಅದರ ಪಕ್ಕ ನೋಡಬೇಕು. ಯಾರು ಪರಿಶೀಲಿಸುತ್ತಾರೆ, ಯಾವಾಗ ಹೇಳುತ್ತಾರೆ ಎಂಬುದು ಜೊತೆಗಿದ್ದರೆ ಕೆಲಸ ನಡೆಯುತ್ತಿದೆ. ಎರಡೂ ಇಲ್ಲದಿದ್ದರೆ ಅಲ್ಲೇನೋ ಅಡ್ಡ ಬಂದಿದೆ.

ಆಗ ಮತ್ತೊಂದು ನೆನಪೋಲೆ ಕಳಿಸಿ ಪ್ರಯೋಜನವಿಲ್ಲ. ಫೋನ್ ಮಾಡುವುದು ಲೇಸು, ಒಬ್ಬರಿಗೊಬ್ಬರು ಮಾತ್ರ. ಜಪಾನ್ ಜೊತೆಗಿನ ಕೆಲಸಗಳಲ್ಲಿ ಎರಡೂ ಭಾಷೆ ಬಲ್ಲ ‘ಬ್ರಿಜ್ ಎಂಜಿನಿಯರ್’ ಎಂಬ ಹುದ್ದೆಯೇ ಇರುತ್ತದೆ. ಎರಡೂ ಕಡೆಯ ಬೇಡಿಕೆ ದಾಟಿಸುವುದು ಅವರ ಕೆಲಸ. ಅವರನ್ನು ಬರೀ ಅನುವಾದಕ್ಕೆ ಬಳಸುವ ತಂಡಗಳು ಅವರ ಬೆಲೆಯ ಅರ್ಧವನ್ನೂ ಪಡೆಯುವುದಿಲ್ಲ, ಏಕೆಂದರೆ ಅಧಿಕೃತ ಮೇಲ್‌ನಲ್ಲಿ ಬರೆಯಲಾಗದ ಅಡ್ಡಿ ಏನು ಎಂಬುದು ಅವರ ಕಿವಿಗೆ ಮೊದಲು ಬೀಳುತ್ತದೆ. ಫೋನಿನಲ್ಲಿ ಕೇಳುವ ಪ್ರಶ್ನೆಯೂ “ಯಾಕೆ ಆಗಿಲ್ಲ” ಎಂದಿರಬಾರದು. “ಇನ್ನೇನಿದ್ದರೆ ಆಗಬಹುದು” ಎಂದಿರಬೇಕು. ಮೊದಲನೆಯದಕ್ಕೆ ಉತ್ತರ ಹೇಳಲು ಯಾರನ್ನಾದರೂ ದೂರಬೇಕಾಗುತ್ತದೆ. ಎರಡನೆಯದಕ್ಕೆ “ಭದ್ರತಾ ವಿಭಾಗಕ್ಕೆ ನಿಮ್ಮ ಸರ್ವರ್ ವಿವರ ಬೇಕಂತೆ” ಎಂದು ಹೇಳಿದರೆ ಮುಗಿಯಿತು.

ಫೋನ್ ಇಟ್ಟ ಮೇಲೆ ಐದು ಸಾಲಿನ ಮೇಲ್ ಕಳಿಸುವುದು ಅತ್ಯಗತ್ಯ. “ಇವತ್ತು ಮಾತಾಡಿದ್ದನ್ನು ನಾವು ಹೀಗೆ ಅರ್ಥ ಮಾಡಿಕೊಂಡಿದ್ದೇವೆ, ವ್ಯತ್ಯಾಸವಿದ್ದರೆ ತಿಳಿಸಿ” ಎಂದು ಶುರುಮಾಡಿ ಯಾರು, ಏನು, ಯಾವ ತಾರೀಖು ಎಂದು ಬರೆಯುವುದು. ಸಭೆಯ ಟಿಪ್ಪಣಿಗೆ ಜಪಾನಿನ ಕಚೇರಿಗಳಲ್ಲಿ ದೊಡ್ಡ ಮರ್ಯಾದೆ ಇದೆ, ಹಾಗಾಗಿ ಇಂಥ ಮೇಲ್ ಅಪನಂಬಿಕೆಯಂತೆ ಕಾಣುವುದಿಲ್ಲ. ತಪ್ಪು ತಿಳಿದದ್ದನ್ನು ತಿದ್ದಲು ಅವರಿಗೂ ಮಾನ ಹೋಗದ ಅವಕಾಶ ಸಿಗುತ್ತದೆ, ಏಕೆಂದರೆ ತಪ್ಪು ತಿಳಿದವರು ನಾವೇ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ.

ಮೇಲ್ ಒಂದು ಬಗೆಯಾದರೆ, ವಿಡಿಯೋ ಸಭೆ ಇನ್ನೊಂದು. ನಗೋಯಾದವರು ಹೊಸ ವಿನ್ಯಾಸವೊಂದನ್ನು ತೋರಿಸುತ್ತಾರೆ. ಬೆಂಗಳೂರಿನ ಎಂಜಿನಿಯರ್ “ಇದು ಕೆಲಸ ಮಾಡುವುದಿಲ್ಲ, ಬಳಕೆದಾರರು ಹೆಚ್ಚಾದರೆ ಡೇಟಾಬೇಸ್ ಕೂತುಬಿಡುತ್ತದೆ” ಎನ್ನುತ್ತಾರೆ. ಅದು ನಿಜ, ಒಳ್ಳೆಯ ಉದ್ದೇಶದ್ದೂ ಹೌದು. ಆ ಕಡೆ ಮೌನ. ನಂತರ “ಅಭಿಪ್ರಾಯಕ್ಕೆ ಧನ್ಯವಾದ”. ವಿನ್ಯಾಸ ಬದಲಾಗುವುದಿಲ್ಲ.

ಬದಲಾಗದ್ದಕ್ಕೆ ಕಾರಣ ಹಠವಲ್ಲ. ಜಪಾನಿನ ಅನೇಕ ಸಂಸ್ಥೆಗಳಲ್ಲಿ ಸಭೆ ಚರ್ಚೆಯ ಜಾಗವಲ್ಲ, ಒಪ್ಪಿಗೆಯ ಮುದ್ರೆ ಒತ್ತುವ ಜಾಗ. ಚರ್ಚೆ ಅದಕ್ಕೂ ಮೊದಲೇ, ಒಬ್ಬೊಬ್ಬರ ಮೇಜಿನ ಬಳಿ ಹೋಗಿ, ಮುಗಿದಿರುತ್ತದೆ. ಈ ಪೂರ್ವಸಿದ್ಧತೆಗೆ ‘ನೆಮಾವಾಶಿ’ ಎನ್ನುತ್ತಾರೆ. ಟೊಯೋಟಾ ಕಂಪನಿಯ ಕೆಲಸದ ರೀತಿಯನ್ನು ವಿವರಿಸುವ ಜೆಫ್ರಿ ಲೈಕರ್ ಅವರ 2004ರ ಪುಸ್ತಕ ‘ದ ಟೊಯೋಟಾ ವೇ’ ಇದನ್ನು ಅದರ ಹದಿನಾಲ್ಕು ಸೂತ್ರಗಳಲ್ಲಿ ಒಂದಕ್ಕೆ ಸೇರಿಸುತ್ತದೆ: ನಿರ್ಧಾರ ನಿಧಾನ, ಎಲ್ಲರ ಒಪ್ಪಿಗೆಯಿಂದ, ಜಾರಿ ಬಿರುಸಿನಿಂದ. ಅದೇ ಟೊಯೋಟಾ 1999ರ ಕೊನೆಯಿಂದ ಕಿರ್ಲೋಸ್ಕರ್ ಜೊತೆಗೂಡಿ ಬಿಡದಿಯಲ್ಲಿ ವಾಹನ ತಯಾರಿಸುತ್ತಿದೆ.

ಹಾಗಾದರೆ ಡೇಟಾಬೇಸ್ ಕುರಿತ ಆಕ್ಷೇಪ ಹೋಗಬೇಕಾದ ಸಮಯ ಸಭೆಗೆ ಎರಡು ಮೂರು ದಿನ ಮುಂಚೆ, ವಿನ್ಯಾಸ ಬರೆದವರೊಬ್ಬರಿಗೇ. “ನಿಮ್ಮ ವಿನ್ಯಾಸದಲ್ಲಿ ಪರದೆಗಳ ಹರಿವು ತುಂಬಾ ಸ್ಪಷ್ಟವಾಗಿದೆ. ಒಂದು ವಿಷಯ ನಮಗೆ ಚಿಂತೆ ಹುಟ್ಟಿಸಿದೆ. ಒಂದೇ ಸಲ 5,000 ಜನ ಬಂದರೆ ಹೇಗಿರುತ್ತದೆ ಎಂದು ಇಲ್ಲಿ ಪರೀಕ್ಷಿಸಿ ನೋಡಿದೆವು. ಪುಟ ತೆರೆಯಲು 11 ಸೆಕೆಂಡ್ ಹಿಡಿಯಿತು. ಫಲಿತಾಂಶ ಜೊತೆಗಿಟ್ಟಿದ್ದೇವೆ. ನಾವು ಪರೀಕ್ಷಿಸಿದ ಕ್ರಮದಲ್ಲೇ ಏನಾದರೂ ತಪ್ಪಿದೆಯೇ, ನೋಡಿ ಹೇಳುತ್ತೀರಾ?” ಇಲ್ಲಿ ಆಕ್ಷೇಪ ಪೂರ್ತಿಯಾಗಿ ಇದೆ, ಸಂಖ್ಯೆಯ ಸಮೇತ. ಅದನ್ನು ಹೇಳುತ್ತಿರುವುದು ಪರೀಕ್ಷೆಯ ಫಲಿತಾಂಶ, ಮನುಷ್ಯನಲ್ಲ. ವಿನ್ಯಾಸಕಾರರು ಸಭೆಯ ಹೊತ್ತಿಗೆ ತಿದ್ದಿಕೊಂಡು, ತಿದ್ದಿದ್ದನ್ನು ತಮ್ಮದಾಗಿಯೇ ಮಂಡಿಸಬಹುದು. ಸಭೆಯಲ್ಲಿ ಶ್ರೇಯಸ್ಸು ಬೆಂಗಳೂರಿಗೆ ಸಿಗುವುದಿಲ್ಲ. ಡೇಟಾಬೇಸ್ ಮಾತ್ರ ಉಳಿಯುತ್ತದೆ, ಆ ಎಂಜಿನಿಯರ್ ಮುಂದಿನ ಸಲ ಕರಡು ಹಂತದಲ್ಲೇ ಇವರಿಗೆ ತೋರಿಸುತ್ತಾರೆ.

ಇಷ್ಟು ಕಲಿತವರು ಇನ್ನೊಂದು ತುದಿಗೆ ಜಾರುವುದುಂಟು. “ನಿಮಗೆ ಬಿಡುವಾದಾಗ, ಸಾಧ್ಯವಾದರೆ, ಟೆಸ್ಟ್ ಡೇಟಾ ವಿಷಯ ಒಮ್ಮೆ ನೋಡಬಹುದೇನೋ ಅನಿಸಿತು” ಎಂದು ಬರೆಯುವುದು. ಇದರಲ್ಲಿ ಕೋರಿಕೆ ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಇದು ಸಭ್ಯವೂ ಅಲ್ಲ ಎಂಬುದಕ್ಕೆ ಆಧಾರವಿದೆ. ಇಸ್ರೇಲಿನ ಭಾಷಾಶಾಸ್ತ್ರಜ್ಞೆ ಶೋಷಾನಾ ಬ್ಲಮ್ ಕುಲ್ಕಾ 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಮಾತುಗಾರರಿಂದ ಬಗೆಬಗೆಯ ಕೋರಿಕೆಗಳಿಗೆ ಸಭ್ಯತೆಯ ಅಂಕ ಹಾಕಿಸಿದರು. ನೇರ ಆಜ್ಞೆಗೆ ಕಡಿಮೆ ಅಂಕ ಬಂದದ್ದು ನಿರೀಕ್ಷಿತವೇ. ಆದರೆ ಅತ್ಯಂತ ಸುತ್ತುಬಳಸಿನ ಸುಳಿವಿಗೂ ಮೇಲಿನ ಅಂಕ ಬರಲಿಲ್ಲ. ಗೆದ್ದದ್ದು “ಇದನ್ನು ಮಾಡಿಕೊಡಲು ಆಗುತ್ತದೆಯೇ” ಎಂಬ ಬಗೆಯ, ಮೆತ್ತಗಿದ್ದೂ ಅರ್ಥ ಸ್ಪಷ್ಟವಾಗಿರುವ ಕೋರಿಕೆ. ಸುಳಿವನ್ನು ಬಿಡಿಸುವ ಹೊರೆ ಕೇಳುಗರ ಮೇಲೆ ಬೀಳುತ್ತದೆ, ಆ ಹೊರೆ ಹೊರಿಸುವುದು ಸಭ್ಯತೆ ಅನಿಸುವುದಿಲ್ಲ ಎಂಬುದು ಅವರ ವಿವರಣೆ. ಆ ಅಧ್ಯಯನ ಜಪಾನಿ ಭಾಷೆಯದ್ದಲ್ಲ. ಆದರೂ ಎರಡನೇ ಭಾಷೆಯ ಇಂಗ್ಲಿಷಿನಲ್ಲಿ ಸುಳಿವು ಬಿಡಿಸುವ ಹೊರೆ ಎಷ್ಟೆಂದು ಜಪಾನಿ ಓದುಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜೀವದ ಪ್ರಶ್ನೆ ಬಂದಾಗ ಮೆತ್ತಗಿನ ಮಾತು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ 1990ರ ಜನವರಿ 25ರ ರಾತ್ರಿ ಸಾಕ್ಷಿ. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಏವಿಯಾಂಕಾ 52 ವಿಮಾನವನ್ನು ಕೆಟ್ಟ ಹವಾಮಾನದಿಂದಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿಸಲಾಯಿತು. ಇಂಧನ ಮುಗಿಯುತ್ತಿತ್ತು. ಪೈಲಟ್‌ಗಳು ಆದ್ಯತೆ ಬೇಕೆಂದರು, ಇಂಧನ ಕಡಿಮೆಯಾಗುತ್ತಿದೆ ಎಂದರು. ಆದರೆ ಇದು ತುರ್ತುಸ್ಥಿತಿ ಎಂದು ನಿಯಂತ್ರಣ ಗೋಪುರಕ್ಕೆ ಒಮ್ಮೆಯೂ ಘೋಷಿಸಲಿಲ್ಲ. ವಿಮಾನ ಲಾಂಗ್ ಐಲೆಂಡಿನಲ್ಲಿ ಬಿದ್ದು 158 ಜನರಲ್ಲಿ 73 ಜನ ಸತ್ತರು. ಇಂಧನದ ತುರ್ತನ್ನು ಗೋಪುರಕ್ಕೆ ತಿಳಿಸದ್ದನ್ನು ಅಮೆರಿಕದ ತನಿಖಾ ಮಂಡಳಿ ಸಂಭವನೀಯ ಕಾರಣಗಳಲ್ಲಿ ಸೇರಿಸಿತು.

ಸಾಫ್ಟ್‌ವೇರ್ ಕೆಲಸದಲ್ಲೂ ಗ್ರಾಹಕರ ವ್ಯವಸ್ಥೆ ನಿಂತುಹೋದಾಗ, ದತ್ತಾಂಶ ಸೋರುತ್ತಿರುವಾಗ ಮೂರು ದಾರಿಗಳ ಮೇಲ್ ಬರೆಯುತ್ತ ಕೂರುವಂತಿಲ್ಲ. ಅಂಥ ಹೊತ್ತಿಗೆ ಏನು ಹೇಳಬೇಕು ಎಂಬುದನ್ನು ಶಾಂತವಾಗಿರುವಾಗಲೇ ಎರಡೂ ಕಡೆಯವರು ಕೂತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ವಿಷಯದ ಸಾಲಿನ ಮೊದಲಲ್ಲಿ ‘ತುರ್ತು’ ಎಂದಿದ್ದರೆ ಶಿಷ್ಟಾಚಾರದ ಸಾಲುಗಳಿಲ್ಲ. ಏನಾಗಿದೆ, ಯಾವಾಗಿನಿಂದ, ಈಗ ಏನು ಮಾಡಬೇಕು, ಈ ಮೂರೇ ವಾಕ್ಯ. ಯಾರಿಗೆ ಫೋನ್ ಹೋಗಬೇಕು ಎಂಬ ಪಟ್ಟಿ ಮೊದಲೇ ಸಿದ್ಧ. ಹೀಗೆ ಒಪ್ಪಿಕೊಂಡ ಮೇಲೆ ಆ ನೇರ ಮಾತು ಯಾರಿಗೂ ಒರಟು ಅನಿಸುವುದಿಲ್ಲ, ಏಕೆಂದರೆ ಅದು ವ್ಯಕ್ತಿಯ ಮಾತಲ್ಲ, ಇಬ್ಬರೂ ಒಪ್ಪಿದ ನಿಯಮದ ಮಾತು.

ಇನ್ನೊಂದು ಎಚ್ಚರ ದೇಶಗಳ ಪಟ್ಟಿಯ ಬಗ್ಗೆ. ಹಾಲ್ ತಮ್ಮ ವಿಂಗಡಣೆಯನ್ನು ಅಳತೆಯ ಸಮೀಕ್ಷೆಯಿಂದ ಕಟ್ಟಿದ್ದಲ್ಲ; ಅವಲೋಕನ, ಸಂದರ್ಶನಗಳ ಮೇಲೆ ಕಟ್ಟಿದ್ದು. ಪೀಟರ್ ಕಾರ್ಡನ್ ಎಂಬ ಸಂವಹನ ಸಂಶೋಧಕರು 2008ರಲ್ಲಿ ಇದನ್ನೇ ಎತ್ತಿ, ಇಷ್ಟು ಬಳಕೆಯಲ್ಲಿರುವ ಸಿದ್ಧಾಂತಕ್ಕೆ ಆಧಾರ ಇಷ್ಟು ತೆಳುವಾಗಿರುವುದನ್ನು ವಿಮರ್ಶಿಸಿದರು. ಆ ವಿಮರ್ಶೆ ನ್ಯಾಯವಾದದ್ದು. ಒಂದೇ ಜಪಾನಿ ಕಚೇರಿಯಲ್ಲಿ ಗ್ರಾಹಕರ ಮುಂದೆ ಅತಿ ವಿನಯದಿಂದ ಮಾತಾಡುವ ಮುಖ್ಯಸ್ಥರು ತಮ್ಮ ಕೈಕೆಳಗಿನವರಿಗೆ ಮುಲಾಜಿಲ್ಲದೆ ಹೇಳುತ್ತಾರೆ. ಜರ್ಮನಿಯಲ್ಲಿ ಐದು ವರ್ಷ ದುಡಿದು ಬಂದ ನಗೋಯಾದ ಎಂಜಿನಿಯರಿಗೆ ಮೂರು ದಾರಿಗಳ ಮೇಲ್ ಕಾಲಹರಣ ಅನಿಸಬಹುದು.

ಹಾಗಾಗಿ ಹೊಸ ಸಹೋದ್ಯೋಗಿಯ ಮೊದಲ ಕೆಲವು ಮೇಲ್‌ಗಳನ್ನು ಗಮನವಿಟ್ಟು ಓದುವುದು ಯಾವ ಪಟ್ಟಿಗಿಂತಲೂ ಹೆಚ್ಚು ಕಲಿಸುತ್ತದೆ. ಅವರು ಕೋರಿಕೆಯನ್ನು ಮೊದಲ ಸಾಲಿನಲ್ಲಿ ಇಡುತ್ತಾರೋ ಕೊನೆಯಲ್ಲೋ, ಒಪ್ಪದ್ದನ್ನು ಮೇಲ್‌ನಲ್ಲಿ ಹೇಳುತ್ತಾರೋ ಫೋನಿಗೆ ಕಾಯುತ್ತಾರೋ, ಯಾರನ್ನು ಸಿಸಿಯಲ್ಲಿ ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ. ಎರಡನೇ ವಾರದ ಹೊತ್ತಿಗೆ ಒಮ್ಮೆ ನೇರವಾಗಿಯೇ ಕೇಳಿಬಿಡಬಹುದು: ಕೆಲಸ ತಡವಾಗುವಂತಿದ್ದರೆ ನಿಮಗೆ ಮೊದಲು ಚಾಟ್‌ನಲ್ಲಿ ಹೇಳಲೋ, ಮೇಲ್ ಬರೆಯಲೋ, ನಿಮ್ಮ ಮ್ಯಾನೇಜರನ್ನು ಯಾವ ಹಂತದಲ್ಲಿ ಸೇರಿಸಲಿ? ಈ ಪ್ರಶ್ನೆಗೆ ಮುಜುಗರಪಡುವವರು ಕಡಿಮೆ, ಏಕೆಂದರೆ ಇನ್ನೂ ಯಾವ ಕೆಲಸವೂ ತಡವಾಗಿಲ್ಲ.